ಆದೇಶಕ್ಕೆ ಸಹಿ ಹಾಕುವ ಮುನ್ನ

ಅಧಿಕಾರಿ ಬಂದು ವಾರವೂ ಆಗಿಲ್ಲ. ಮೇಜಿನ ಮೇಲೆ ನ್ಯಾಯಬೆಲೆ ಅಂಗಡಿಯೊಂದರ ಕಡತ ಇದೆ ಎಂದಿಟ್ಟುಕೊಳ್ಳೋಣ. ತಪಾಸಣೆಯಲ್ಲಿ ನಾಲ್ಕು ಕ್ವಿಂಟಲ್ ಅಕ್ಕಿ ಕಡಿಮೆ ಬಂದಿದೆ. 'ಪರವಾನಗಿ ರದ್ದುಪಡಿಸಿದೆ' ಎಂದು ಟೈಪಾದ ಹಾಳೆ ಸಹಿಗೆ ಕಾದಿದೆ. ಅಂಗಡಿಯವನನ್ನು ಮಾತ್ರ ಯಾರೂ ಕೇಳಿಲ್ಲ.

ಇಲ್ಲಿ ಸಹಿ ಹಾಕಬಾರದು. ಒಬ್ಬರ ಹಕ್ಕು ಅಥವಾ ಜೀವನೋಪಾಯ ಕಿತ್ತುಕೊಳ್ಳುವ ಆದೇಶಕ್ಕೆ ಮೊದಲು ಕಾರಣ ಕೇಳಿ ನೋಟಿಸ್ ಹೋಗಬೇಕು. 'ಅವ್ಯವಹಾರ ಕಂಡುಬಂದಿದೆ, ಉತ್ತರಿಸಿ' ಎಂದು ಬರೆದರೆ ಅದು ನೋಟಿಸ್ ಆಗುವುದಿಲ್ಲ. ಯಾವ ದಿನ, ಯಾವ ದಾಸ್ತಾನು, ಪುಸ್ತಕದಲ್ಲಿ ಎಷ್ಟು, ತೂಕದಲ್ಲಿ ಎಷ್ಟು, ಯಾವ ನಿಯಮದ ಉಲ್ಲಂಘನೆ ಎಂಬುದೆಲ್ಲ ಅದರಲ್ಲಿರಬೇಕು. ಮಹಜರಿನ ಪ್ರತಿ ಲಗತ್ತಿಸಬೇಕು. ಪರವಾನಗಿ ರದ್ದತಿಯೇ ಉದ್ದೇಶವಾದರೆ ಅದನ್ನೂ ತಿಳಿಸಬೇಕು. ಗುತ್ತಿಗೆದಾರನನ್ನು ಕಪ್ಪುಪಟ್ಟಿಗೆ ಸೇರಿಸುವ ಉದ್ದೇಶವಿದ್ದರೆ ಅದು ನೋಟಿಸಿನಲ್ಲಿಯೇ ಕಾಣಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಗೂರ್ಖಾ ಸೆಕ್ಯುರಿಟಿ ಸರ್ವಿಸಸ್ ಪ್ರಕರಣದಲ್ಲಿ ಹೇಳಿತು. ಇನ್ನೊಂದು ಎಚ್ಚರ: 'ನೀವು ತಪ್ಪೆಸಗಿದ್ದೀರಿ' ಎಂದು ನೋಟಿಸಿನಲ್ಲೇ ತೀರ್ಮಾನ ಕೊಟ್ಟುಬಿಟ್ಟರೆ, ಉತ್ತರ ಕೇಳಿದ್ದು ಬರೀ ಶಾಸ್ತ್ರಕ್ಕೆ ಎಂದಾಗುತ್ತದೆ.

ನೋಟಿಸ್ ತಲುಪಿದ ದಿನದ ಸ್ವೀಕೃತಿ ಕಡತದಲ್ಲಿರಲಿ. ನಿಯಮ ಹೇಳಿದಷ್ಟು ದಿನ ಕಾಯಿರಿ.

ಅಂಗಡಿಯವನ ಉತ್ತರ ಬಂತು: 'ಹಿಂದಿನ ದಿನ ಸರ್ವರ್ ಇರಲಿಲ್ಲ. ನಲವತ್ತು ಕಾರ್ಡಿಗೆ ಹತ್ತು ಕೆಜಿಯಂತೆ ಕೊಟ್ಟು ಪುಸ್ತಕದಲ್ಲಿ ಸಹಿ ಪಡೆದೆ.' ಆದೇಶದ ತಿರುಳು ಇರುವುದು ಇಲ್ಲಿಯೇ. 'ಸಮಜಾಯಿಷಿ ಪರಿಶೀಲಿಸಲಾಗಿದೆ, ತೃಪ್ತಿಕರವಾಗಿಲ್ಲ' ಎಂಬ ವಾಕ್ಯ ಎಷ್ಟೋ ಆದೇಶಗಳಲ್ಲಿದೆ. ಅದರಲ್ಲಿ ಕಾರಣವೇ ಇಲ್ಲ. ಹೀಗೆ ಬರೆಯಬೇಕು: 'ಆ ದಿನ ಸರ್ವರ್ ಸ್ಥಗಿತಗೊಂಡಿದ್ದು ನಿಜ. ಆದರೆ ಪುಸ್ತಕದಲ್ಲಿ 26 ಸಹಿಗಳಷ್ಟೇ ಇವೆ. 260 ಕೆಜಿಯ ಲೆಕ್ಕ ಒಪ್ಪಿದೆ. ಉಳಿದ 140 ಕೆಜಿಗೆ ವಿವರಣೆ ಇಲ್ಲ.' ಇಷ್ಟು ಬರೆಯುವಾಗಲೇ ಆರೋಪದ ಬಹುಪಾಲು ಕರಗಿತು. ರದ್ದತಿಯೇ ಬೇಕೇ, ದಂಡ ಸಾಕೇ ಎಂಬ ಪ್ರಶ್ನೆಯೂ ಆಗಲೇ ಎದ್ದಿತು. ಅದಕ್ಕೂ ಒಂದು ಸಾಲಿನ ಉತ್ತರ ಆದೇಶದಲ್ಲಿರಬೇಕು.

ಕಾರಣವನ್ನು ಆಮೇಲೆ ಸೇರಿಸಿಕೊಳ್ಳುತ್ತೇನೆ ಎನ್ನುವಂತಿಲ್ಲ. ಆದೇಶ ನಿಲ್ಲುವುದು ಅದರಲ್ಲೇ ಬರೆದ ಕಾರಣಗಳ ಮೇಲೆ, ಮುಂದೆ ಪ್ರಮಾಣಪತ್ರದಲ್ಲಿ ಹೊಸ ಕಾರಣ ಕೊಟ್ಟು ಅದಕ್ಕೆ ಬಲ ತುಂಬಲಾಗದು ಎಂದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ತುರ್ತಿದ್ದು, ನಿಯಮದಲ್ಲಿ ಅಧಿಕಾರವೂ ಇದ್ದರೆ ಅಂಗಡಿಯನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಬಹುದು. ಆಗಲೂ ಆ ತುರ್ತು ಏನೆಂದು ಬರೆದು, ತಡಮಾಡದೆ ವಿಚಾರಣೆ ನಡೆಸಬೇಕು.

ಸಹಿ ಹಾಕುವ ಮುನ್ನ ಆದೇಶವನ್ನು ಅಂಗಡಿಯವನ ಜಾಗದಲ್ಲಿ ಕುಳಿತು ಒಮ್ಮೆ ಓದಿ. ತನ್ನ ಯಾವ ಮಾತನ್ನು ಒಪ್ಪಿದರು, ಯಾವುದನ್ನು ಏಕೆ ಒಪ್ಪಲಿಲ್ಲ ಎಂಬುದು ಅವನಿಗೆ ತಿಳಿಯದಿದ್ದರೆ, ಆ ಹಾಳೆಯನ್ನು ಮತ್ತೆ ಬರೆಯಿರಿ.