ಫೆನಿಟಾಯಿನ್ ಡ್ರಿಪ್ಪಿಗೆ ಯಾವ ಬಾಟಲಿ?

ಫಿಟ್ಸ್ ತಡೆಯಲು ರಕ್ತನಾಳಕ್ಕೆ ಕೊಡುವ ಫೆನಿಟಾಯಿನ್ ನೀರಿನಲ್ಲಿ ಸುಲಭವಾಗಿ ಕರಗುವ ಔಷಧವಲ್ಲ. ಆಂಪೂಲಿನಲ್ಲಿ ಅದನ್ನು ಕರಗಿದ ಸ್ಥಿತಿಯಲ್ಲಿಡಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಆಲ್ಕೋಹಾಲ್ ಸೇರಿಸಿ, ದ್ರಾವಣವನ್ನು ತೀಕ್ಷ್ಣ ಕ್ಷಾರವಾಗಿ ಇಟ್ಟಿರುತ್ತಾರೆ; ಪಿಎಚ್ ಸುಮಾರು 12. ಗ್ಲೂಕೋಸ್ ದ್ರಾವಣ ಆಮ್ಲೀಯ. ಎರಡೂ ಸೇರಿದರೆ ಕ್ಷಾರದ ಬಲ ಕುಂದಿ, ಔಷಧ ಬಿಳಿ ಹರಳಾಗಿ ಹೊರಬೀಳುತ್ತದೆ. ಆದ್ದರಿಂದ ಇದನ್ನು ಬೆರೆಸುವುದು ನಾರ್ಮಲ್ ಸಲೈನಿನಲ್ಲಿ ಮಾತ್ರ.

ವಾರ್ಡಿನಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಬಾಟಲಿಯಲ್ಲಲ್ಲ, ಟ್ಯೂಬಿನಲ್ಲಿ. ರೋಗಿಗೆ ಆಗಲೇ ಡಿಎನ್‌ಎಸ್ ಹೋಗುತ್ತಿದೆ, ಕೈಯಲ್ಲಿರುವುದು ಒಂದೇ ಕ್ಯಾನ್ಯುಲಾ ಎಂದಿಟ್ಟುಕೊಳ್ಳಿ. ಅದೇ ಲೈನಿಗೆ ಫೆನಿಟಾಯಿನ್ ಸೇರಿಸಬಹುದೇ ಎಂದು ನರ್ಸ್ ಫಾರ್ಮಸಿಗೆ ಫೋನ್ ಮಾಡುತ್ತಾರೆ. "ಬೇಡ ಸಿಸ್ಟರ್, ಡಿಎನ್‌ಎಸ್‌ನಲ್ಲೂ ಗ್ಲೂಕೋಸ್ ಇದೆ. ಅದನ್ನು ನಿಲ್ಲಿಸಿ, ಸಲೈನ್ ಬಿಟ್ಟು ಲೈನ್ ತೊಳೆದು, ಆಮೇಲೆ ಇದನ್ನೊಂದನ್ನೇ ಕೊಡಿ" ಎಂಬುದು ಸರಿಯಾದ ಉತ್ತರ. ಬೇರೆ ಯಾವ ಇಂಜೆಕ್ಷನ್ನನ್ನೂ ಇದರ ಜೊತೆ ಬೆರೆಸುವಂತಿಲ್ಲ.

ಹೆಚ್ಚು ಸಲೈನ್ ಬೆರೆಸಿದಷ್ಟೂ ಸುರಕ್ಷಿತ ಎಂಬ ಎಣಿಕೆ ಇಲ್ಲಿ ತಪ್ಪು. ತೀರಾ ತೆಳುವಾದರೂ ಹರಳು ಬೀಳುತ್ತದೆ. ಪ್ರತಿ ಮಿಲಿಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು. ವೈದ್ಯರು 900 ಮಿಲಿಗ್ರಾಂ ಬರೆದಿದ್ದರೆ, 100 ಮಿಲಿಗ್ರಾಮಿನ 2 ಮಿಲಿಲೀಟರ್ ಆಂಪೂಲುಗಳು ಒಂಬತ್ತು ಬೇಕು, ಅಂದರೆ 18 ಮಿಲಿಲೀಟರ್. 100 ಮಿಲಿಲೀಟರ್ ಸಲೈನ್ ಬಾಟಲಿಯಿಂದ ಅಷ್ಟನ್ನೇ ತೆಗೆದು ಔಷಧ ತುಂಬಿದರೆ ಮಿಲಿಲೀಟರಿಗೆ 9 ಮಿಲಿಗ್ರಾಂ ಆಗುತ್ತದೆ. 500ರ ಬಾಟಲಿಗೆ ಹಾಕಿದರೆ 2 ಮಿಲಿಗ್ರಾಮಿಗೂ ಕೆಳಗಿಳಿಯುತ್ತದೆ. ಸರಿಯಾಗಿ ಬೆರೆಸಿದ್ದು ಕೂಡ ಬಹಳ ಹೊತ್ತು ನಿಲ್ಲದು. ಕೊಡುವ ಹೊತ್ತಿಗೇ ತಯಾರಿಸಬೇಕು, ಫ್ರಿಜ್ಜಿನಲ್ಲಿ ಇಡಬಾರದು, ಬೆಳಕಿಗೆ ಹಿಡಿದು ನೋಡಬೇಕು. ಮಬ್ಬಾಗಿದ್ದರೆ ಚೆಲ್ಲಬೇಕು. ಕಣ್ಣಿಗೆ ಕಾಣದ ಹರಳಿಗಾಗಿ ಲೈನಿನಲ್ಲಿ ಸೂಕ್ಷ್ಮ ಫಿಲ್ಟರ್ ಇರುವುದು ಒಳ್ಳೆಯದು.

ವೇಗದ ವಿಷಯದಲ್ಲಿ ಸಡಿಲಿಕೆಯೇ ಇಲ್ಲ. ವಯಸ್ಕರಿಗೆ ನಿಮಿಷಕ್ಕೆ 50 ಮಿಲಿಗ್ರಾಂ ಗರಿಷ್ಠ ಮಿತಿ. ವೃದ್ಧರಿಗೆ, ಹೃದಯ ದುರ್ಬಲವಾದವರಿಗೆ ಅದರ ಅರ್ಧವೇ ಸಾಕು. ಬೇಗ ಹೋದರೆ ಬಿಪಿ ಕುಸಿಯಬಹುದು, ಹೃದಯದ ಲಯ ತಪ್ಪಬಹುದು. ನಿಮಿಷಕ್ಕೆ 25 ಮಿಲಿಗ್ರಾಮಿನಂತೆ ಕೊಟ್ಟರೆ ಮೇಲಿನ ಬಾಟಲಿಗೆ 36 ನಿಮಿಷ ಹಿಡಿಯುತ್ತದೆ. ಪಂಪಿನಲ್ಲಾದರೆ ಗಂಟೆಗೆ ಸುಮಾರು 167 ಮಿಲಿಲೀಟರ್; ಮಿಲಿಲೀಟರಿಗೆ 20 ಹನಿಯ ಸೆಟ್ಟಿನಲ್ಲಾದರೆ ನಿಮಿಷಕ್ಕೆ ಸುಮಾರು 56 ಹನಿ. ರೋಗಿ ಕೈ ಮಡಚಿದರೂ ಹನಿಯ ವೇಗ ಬದಲಾಗುತ್ತದೆ, ಹಾಗಾಗಿ ಪಂಪ್ ಇದ್ದರೆ ಅದನ್ನೇ ಬಳಸಬೇಕು. ಇಸಿಜಿ ಮಾನಿಟರ್ ಹಾಕಿ, ಬಿಪಿ ಮತ್ತೆ ಮತ್ತೆ ನೋಡುತ್ತಿರಬೇಕು. ಬಿಪಿ ಇಳಿದರೆ ಅಥವಾ ನಾಡಿ ನಿಧಾನವಾದರೆ ಡ್ರಿಪ್ ನಿಲ್ಲಿಸಿ ವೈದ್ಯರನ್ನು ಕರೆಯಬೇಕು.

ಇಷ್ಟು ಕ್ಷಾರವಾದ ದ್ರಾವಣ ನಾಳದಿಂದ ಹೊರಗೆ ಸೋರಿದರೆ ಮಾಂಸಕ್ಕೇ ಪೆಟ್ಟು. ಅಂಗೈ ಹಿಂಭಾಗದ ಸಣ್ಣ ನಾಳ ಬಿಟ್ಟು, ಮೇಲಿನ ದೊಡ್ಡ ನಾಳಕ್ಕೆ ಕ್ಯಾನ್ಯುಲಾ ಹಾಕುವುದು ಇದಕ್ಕಾಗಿಯೇ. ಉರಿ, ಊತ ಅಥವಾ ನೇರಳೆ ಬಣ್ಣ ಕಂಡರೆ ಕೂಡಲೇ ನಿಲ್ಲಿಸಬೇಕು. ಔಷಧ ಮುಗಿದ ಮೇಲೆ ಮತ್ತೆ ಸಲೈನ್ ಬಿಟ್ಟು ಲೈನ್ ತೊಳೆದ ನಂತರವೇ ಡಿಎನ್‌ಎಸ್ ಮುಂದುವರಿಸಬೇಕು.