ರಾತ್ರಿಯ ವಾಟ್ಸಾಪು, ಬೆಳಗಿನ ಮೈಕು

ಬೆಂಗಳೂರು, ರಾಮನಗರ ಸೀಮೆಯ ಎಷ್ಟೋ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಕೆಲಸದ ಹೊತ್ತಿನಲ್ಲಿ ಫೋನ್ ಮುಟ್ಟುವಂತಿಲ್ಲ. ಸೂಪರ್‌ವೈಸರುಗಳ ವಾಟ್ಸಾಪ್ ಗುಂಪಿನಲ್ಲಿ ರಾತ್ರಿಯಿಡೀ ಓಡಾಡಿದ ಸುದ್ದಿ ಟೈಲರುಗಳ ಕಿವಿಗೆ ಬೀಳುವುದು ಬೆಳಿಗ್ಗೆ, ಮೆಷಿನ್ ಶುರುವಾಗುವ ಮುಂಚೆ, ಮೈಕಿನಲ್ಲಿ. ಮೆಸೇಜುಗಳನ್ನು ಬಂದ ಹಾಗೆಯೇ ಮೇಲಿಂದ ಕೆಳಗೆ ಓದಿಬಿಟ್ಟರೆ ಯಾರಿಗೂ ಏನೂ ಉಳಿಯುವುದಿಲ್ಲ. ಅದನ್ನು ಒಂದು ನಿಮಿಷದ ಮಾತಾಗಿ ತಿದ್ದಿ ಬರೆಯುವುದು ಹೇಗೆಂದು ನೋಡೋಣ. ಉದಾಹರಣೆಗೆ ಗುಂಪಿನಲ್ಲಿ ಇಷ್ಟಿದೆ ಎಂದುಕೊಳ್ಳಿ:

ರಾತ್ರಿ 8:40, ಕಟಿಂಗ್: ಬಟ್ಟೆ ಬಂದಿಲ್ಲ, ನಾಳೆ ಲೈನ್ 11ಕ್ಕೆ ಫೀಡಿಂಗ್ ಡೌಟು.
9:15, ಕ್ವಾಲಿಟಿ: ಲೈನ್ 12 ಕಾಲರ್ ತುದಿ ಸಮ ಇಲ್ಲ, ಗೇಜ್ ಇಟ್ಟು ನೋಡ್ಬೇಕು.
11:50, ಎಚ್‌ಆರ್: ನಾಳೆ ಊಟದ ಟೈಮಲ್ಲಿ ಪಿಎಫ್ ಕೆವೈಸಿ, ಎಲ್ರೂ ಆಧಾರ್ ತರ್ಬೇಕು.
12:20, ಟ್ರಾನ್ಸ್‌ಪೋರ್ಟ್: ನಾಳೆ ಸಂಜೆ ರಾಮನಗರ ಬಸ್ 15 ನಿಮಿಷ ಲೇಟು.
ಬೆಳಿಗ್ಗೆ 6:30, ಕಟಿಂಗ್: ಬಟ್ಟೆ ಬಂತು, 10:30ಕ್ಕೆ ಬಂಡಲ್ ಕೊಡ್ತೀವಿ.
7:05, ಮೇಂಟೆನೆನ್ಸ್: ಕ್ಯಾಂಟೀನ್ ಎಡಗಡೆ ಬಾಗಿಲ ಹತ್ರ ವೈರಿಂಗ್ ಕೆಲಸ, ಆ ಕಡೆ ಯಾರೂ ಬರಬೇಡಿ.

ಮೊದಲು ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಆರೂವರೆಯ ಮೆಸೇಜು 8:40ರದ್ದನ್ನು ನುಂಗಿಹಾಕಿದೆ. ಮೇಲಿನಿಂದ ಓದಿದರೆ ಬಟ್ಟೆ ಇಲ್ಲ ಎಂದು ಹೇಳಿ, ಆಮೇಲೆ ಇದೆ ಎಂದು ತಿದ್ದಬೇಕಾಗುತ್ತದೆ, ಕೇಳಿದವರ ತಲೆಯಲ್ಲಿ ಎರಡೂ ಉಳಿಯುತ್ತವೆ.

ಎಡವುವುದು ಹೆಚ್ಚಾಗಿ ‘ನಾಳೆ’ಯಲ್ಲಿ. 11:50ರ ನಾಳೆ ಎಂದರೆ ಇವತ್ತು, ಅನುಮಾನವಿಲ್ಲ. ಆದರೆ ಹನ್ನೆರಡು ದಾಟಿದ ಮೇಲೆ ಬರೆದ ನಾಳೆ? ನಿದ್ದೆ ಮಾಡಿ ಎದ್ದರೆ ತಾನೇ ಜನರಿಗೆ ನಾಳೆಯಾಗುವುದು, ಆದ್ದರಿಂದ ಬಹುಶಃ ಅದೂ ಇವತ್ತೇ. ಆದರೆ ಬಹುಶಃ ಎಂಬುದನ್ನು ಮೈಕಿನಲ್ಲಿ ಹೇಳುವಂತಿಲ್ಲ, ಫೋನ್ ಮಾಡಿ ಕೇಳಲೇಬೇಕು. ಕೇಳುವಾಗ ಬಸ್ಸು ಹೊರಡುವ ಗಂಟೆಯನ್ನೂ ತಿಳಿದುಕೊಳ್ಳಿ. ಐದೂವರೆಯ ಬಸ್ಸು ಹದಿನೈದು ನಿಮಿಷ ತಡ ಎನ್ನುವುದಕ್ಕಿಂತ ಐದೂಮುಕ್ಕಾಲಿಗೆ ಎಂದರೆ ಲೆಕ್ಕ ಹಾಕುವ ಕೆಲಸ ತಪ್ಪುತ್ತದೆ.

ಆಧಾರ್ ವಿಷಯ ಇನ್ನೊಂದು ಥರದ್ದು. ಕಾರ್ಖಾನೆಗೆ ಬಂದಾದ ಮೇಲೆ ‘ಆಧಾರ್ ತನ್ನಿ’ ಎಂದರೆ ಏನು ಪ್ರಯೋಜನ? ಹೊತ್ತು ಮೀರಿದ ಸೂಚನೆಯನ್ನು ಈಗ ಮಾಡಬಹುದಾದ ಕೆಲಸವಾಗಿ ಬದಲಿಸಬೇಕು. ಕಾರ್ಡ್ ಇಲ್ಲದವರು ಏನು ಮಾಡಬೇಕೆಂದು ಎಚ್‌ಆರ್ ಹತ್ತಿರ ಕೇಳಿಕೊಂಡೇ ಬರೆಯಿರಿ. ನಾಳೆಯೂ ಆಗುತ್ತದೆ ಎಂದರು ಎಂದಿಟ್ಟುಕೊಳ್ಳೋಣ.

ಇನ್ನು ಕಿವಿಯ ಪಾಡು. ನಮ್ಮ ಭಾಷೆಯಲ್ಲಿ ಬೇಕು, ಬೇಡ ಎರಡೂ ವಾಕ್ಯದ ಕೊನೆಗೆ ಬರುತ್ತವೆ, ಗದ್ದಲ ಮೊದಲು ನುಂಗುವುದೂ ಆ ಕೊನೆಯನ್ನೇ. ‘ಬರಬೇಡಿ’ಯ ಬಾಲ ಕಳಚಿದರೆ ‘ಬರಬೇ...’ ಅಷ್ಟೇ ಉಳಿಯುತ್ತದೆ, ಕೇಳಿದವರು ಅದನ್ನು ಹೇಗೆ ಬೇಕಾದರೂ ತುಂಬಿಸಿಕೊಳ್ಳಬಹುದು. ಆದ್ದರಿಂದ ಯಾವ ಬಾಗಿಲು ಬೇಡ ಎನ್ನುವ ಬದಲು ಯಾವುದರಿಂದ ಹೋಗಬೇಕೆಂದು ಹೇಳಿ. ಹನ್ನೊಂದು, ಹನ್ನೆರಡು ಕೂಡ ಮೈಕಿನಲ್ಲಿ ಒಂದೇ ಥರ ಕೇಳುತ್ತವೆ, ಬಿಡಿ ಅಂಕಿಗಳನ್ನೂ ಜೊತೆಗೆ ಹೇಳಿದರೆ ಗೊಂದಲವಿಲ್ಲ. ಯಾರಿಗೆ ಎಂಬುದನ್ನು ಮೊದಲು ಕೂಗಿ, ವಿಷಯ ಆಮೇಲೆ. ತನ್ನ ಲೈನಿನ ಹೆಸರು ಕೇಳುವವರೆಗೆ ಯಾರೂ ಕಿವಿ ನಿಮಿರಿಸುವುದಿಲ್ಲ. ಕ್ರಮಕ್ಕೆ ಗಡಿಯಾರವೇ ಸಾಕು: ಈಗಿನದ್ದು ಮೊದಲು, ಸಂಜೆಯದ್ದು ಕೊನೆಗೆ.

ಬರೆದಾಗ ಹೀಗಾಗುತ್ತದೆ:

“ಎಲ್ಲರಿಗೂ ನಮಸ್ಕಾರ. ಐದು ವಿಷಯ ಇದೆ.
ಹನ್ನೆರಡನೇ ಲೈನು, ಒಂದು ಎರಡು. ಕಾಲರ್ ತುದಿ ಎರಡೂ ಕಡೆ ಸಮ ಬರಬೇಕು. ಗೇಜ್ ಇಟ್ಟು ನೋಡಿ.
ಹನ್ನೊಂದನೇ ಲೈನು, ಒಂದು ಒಂದು. ನಿಮಗೆ ಬಂಡಲ್ ಹತ್ತೂವರೆಗೆ ಬರುತ್ತದೆ.
ಎಲ್ಲರೂ ಕೇಳಿ. ಇವತ್ತು ಕ್ಯಾಂಟೀನಿಗೆ ಬಲಗಡೆ ಬಾಗಿಲಿಂದಲೇ ಹೋಗಿ. ಎಡಗಡೆ ವೈರಿಂಗ್ ಕೆಲಸ ನಡೆಯುತ್ತಿದೆ. ಮತ್ತೆ ಹೇಳುತ್ತೇನೆ, ಬಲಗಡೆ ಬಾಗಿಲು.
ಪಿಎಫ್ ಕೆವೈಸಿ. ಆಧಾರ್ ಇರುವವರು ಊಟದ ಬಿಡುವಿನಲ್ಲಿ ಎಚ್‌ಆರ್ ಹತ್ತಿರ ಬನ್ನಿ. ಇಲ್ಲದವರು ನಾಳೆ ತನ್ನಿ.
ರಾಮನಗರ ಬಸ್ಸಿನವರು. ಇವತ್ತು ಸಂಜೆ ಬಸ್ಸು ಐದೂಮುಕ್ಕಾಲಿಗೆ ಹೊರಡುತ್ತದೆ.”

ಎರಡು ಸಲ ಹೇಳಿದ್ದು ಒಂದೇ ಒಂದು, ಕರೆಂಟಿನ ಅಪಾಯವಿರುವುದು ಅಲ್ಲಿ ಮಾತ್ರ ಎಂದು. ಎಲ್ಲವನ್ನೂ ಎರಡೆರಡು ಸಲ ಹೇಳಿದರೆ ಯಾವುದು ಮುಖ್ಯವೆಂದು ತಿಳಿಯದು. ಅಂಕಿಗಳನ್ನು ಅಕ್ಷರದಲ್ಲೇ ಬರೆಯಿರಿ. ಚೀಟಿಯಲ್ಲಿ 5:45 ಎಂದಿದ್ದರೆ ಓದುವ ನಾಲಿಗೆ ಅಲ್ಲೇ ಒಂದು ಕ್ಷಣ ತೊದಲುತ್ತದೆ. ಒಮ್ಮೆ ಗಟ್ಟಿಯಾಗಿ, ನಿಧಾನವಾಗಿ ಓದಿ ಗಡಿಯಾರ ನೋಡಿಕೊಳ್ಳಿ, ಮನಸ್ಸಿನಲ್ಲಿ ಓದಿದರೆ ಹೊತ್ತು ಗೊತ್ತಾಗುವುದಿಲ್ಲ. ಒಡಿಶಾ, ಜಾರ್ಖಂಡದ ಹುಡುಗಿಯರಿರುವ ಫ್ಲೋರಿನಲ್ಲಿ ಇದನ್ನೇ ಹಿಂದಿಯಲ್ಲೂ ಹೇಳಬೇಕು, ಆ ನಿಮಿಷವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೈಕ್ ಇಟ್ಟ ಮೇಲೆ ಹನ್ನೊಂದನೇ ಲೈನಿನ ಒಂದಿಬ್ಬರನ್ನು ಕೇಳಿ: ಬಂಡಲ್ ಎಷ್ಟು ಗಂಟೆಗೆ, ಊಟಕ್ಕೆ ಯಾವ ಬಾಗಿಲು? ಅವರು ಪಕ್ಕದವರ ಮುಖ ನೋಡಿದರೆ, ಮಧ್ಯಾಹ್ನ ಊಟದ ಬೆಲ್ಲಿಗೆ ಮುಂಚೆ ಬಾಗಿಲಿನ ಮಾತನ್ನು ಇನ್ನೊಮ್ಮೆ ಹೇಳಿಬಿಡಿ.