ಫ್ಯೂಸ್ ಸುಟ್ಟದ್ದು ಏಕೆ?

ಅನ್ನ ಬಿಸಿಯಾಗುತ್ತಿರುವಾಗಲೇ ನಮ್ಮ ಪಕ್ಕದ ಮನೆಯವರು ಮೈಕ್ರೋವೇವ್ ಬಾಗಿಲು ತೆಗೆದರು. ಒಳಗೆ ‘ಟಪ್’ ಅಂದಿತು. ಆಮೇಲೆ ಗಡಿಯಾರದ ಅಂಕಿಯಿಲ್ಲ, ದೀಪವಿಲ್ಲ, ಗುಂಡಿ ಒತ್ತಿದರೆ ಸದ್ದಿಲ್ಲ. ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ ಹಾಕಿದರೆ ಬಿಸಿಯಾಯಿತು. ಹಾಗಾದರೆ ದೋಷ ಓವನ್ನಿನೊಳಗೇ ಇದೆ.

ರಿಪೇರಿಯವರು ಪ್ಲಗ್ ಕಿತ್ತು, ಹೊರಕವಚ ತೆಗೆದು, ಮೊದಲು ಕೆಪಾಸಿಟರನ್ನು ಡಿಸ್‌ಚಾರ್ಜ್ ಮಾಡಿದರು. ಸುಮಾರು 2,000 ವೋಲ್ಟ್ ಹೊರುವ ಈ ಭಾಗ ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು, ಪ್ರಾಣವನ್ನೂ ತೆಗೆಯಬಹುದು. ಹೀಗಾಗಿ ಕವಚ ಬಿಚ್ಚುವುದು ಮನೆಯವರ ಕೆಲಸವಲ್ಲ.

ಪರೀಕ್ಷೆ ಶುರುವಾಗುವುದು ಫ್ಯೂಸಿನಿಂದ. ವಿದ್ಯುತ್ ಒಳಬರುವ ಜಾಗದಲ್ಲೇ ಇರುವ ಸಣ್ಣ ಕೊಳವೆ ಅದು. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಅದರ ಎರಡು ತುದಿಗೆ ಹಿಡಿದರೆ ‘ಬೀಪ್’ ಬರಬೇಕು. ಬರದಿದ್ದರೆ ಸುಟ್ಟಿದೆ.

ಫ್ಯೂಸ್ ಚೆನ್ನಾಗಿದ್ದರೆ ಮುಂದಿನದು ಥರ್ಮಲ್ ಕಟಾಫ್. ಎರಡು ತಂತಿ ಸಿಕ್ಕಿಸಿದ, ಗುಂಡಿಯಷ್ಟೇ ದೊಡ್ಡದಾದ ಈ ಭಾಗ ಮ್ಯಾಗ್ನೆಟ್ರಾನ್ ಮೇಲೋ ಒಳಗೂಡಿನ ಗೋಡೆಗೋ ಅಂಟಿಕೊಂಡಿರುತ್ತದೆ. ಗಾಳಿಕಿಂಡಿ ಮುಚ್ಚಿದರೆ ಅಥವಾ ಫ್ಯಾನ್ ನಿಂತರೆ ಅದು ಬಿಸಿಯೇರಿ ಸಂಪರ್ಕ ಕಡಿದುಬಿಡುತ್ತದೆ. ಕೆಲವು ತಣ್ಣಗಾದ ಮೇಲೆ ತಾವೇ ಕೂಡಿಕೊಳ್ಳುತ್ತವೆ; ಕೆಲವು ಒಮ್ಮೆ ಹೋದರೆ ಹೋದಂತೆ. ತಣ್ಣಗಿರುವಾಗಲೂ ‘ಬೀಪ್’ ಬಾರದಿದ್ದರೆ ಬದಲಿಸಬೇಕು, ಜೊತೆಗೆ ಬಿಸಿ ಏರಿದ್ದೇಕೆಂದೂ ಹುಡುಕಬೇಕು.

ಎರಡೂ ಸರಿಯಿದ್ದು, ಕಂಟ್ರೋಲ್ ಬೋರ್ಡಿನ ತನಕ 230 ವೋಲ್ಟ್ ಬರುತ್ತಿದ್ದರೂ ಅಂಕಿ ಮೂಡದಿದ್ದರೆ ಮಾತ್ರ ಬೋರ್ಡನ್ನು ಅನುಮಾನಿಸಬೇಕು. ಎಷ್ಟೋ ಸಲ ಹೋಗಿರುವುದು ಬೋರ್ಡಿನ ಮೇಲಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಒಂದೇ. ಇಡೀ ಬೋರ್ಡ್ ಬದಲಿಸುವ ಮುಂಚೆ ಅದನ್ನು ಪರೀಕ್ಷಿಸಿ ಎಂದು ಕೇಳಿ.

ಪಕ್ಕದ ಮನೆಯ ಓವನ್ನಿನಲ್ಲಿ ಸುಟ್ಟದ್ದು ಫ್ಯೂಸ್. ಹೊಸದನ್ನು ಹಾಕಿದರು, ಅಂಕಿ ಮೂಡಿತು. ಎರಡು ದಿನದ ನಂತರ ಮತ್ತೆ ಬಾಗಿಲು ತೆಗೆಯುವಾಗಲೇ ‘ಟಪ್’.

ಕಾರಣ ಬಾಗಿಲ ಚೌಕಟ್ಟಿನಲ್ಲಿತ್ತು. ಕೊಂಡಿಯ ಹಿಂದೆ ಸಾಮಾನ್ಯವಾಗಿ ಮೂರು ಪುಟ್ಟ ಸ್ವಿಚ್‌ಗಳಿರುತ್ತವೆ. ಬಾಗಿಲು ತೆಗೆದೊಡನೆ ಎರಡು ವಿದ್ಯುತ್ತನ್ನು ಕಡಿಯುತ್ತವೆ. ಮಾನಿಟರ್ ಸ್ವಿಚ್ ಎಂಬ ಮೂರನೆಯದು ಕಾವಲುಗಾರ. ಮುಖ್ಯ ಸ್ವಿಚ್ಚಿನ ಸಂಪರ್ಕ ಬೆಸೆದುಕೊಂಡು ಬಿಡದಿದ್ದರೆ, ಬಾಗಿಲು ತೆರೆದಾಗ ಅದು ಬೇಕೆಂದೇ ಶಾರ್ಟ್ ಮಾಡಿ ಫ್ಯೂಸನ್ನು ಸುಡುತ್ತದೆ. ತೆರೆದ ಬಾಗಿಲಿನಿಂದ ಮೈಕ್ರೋವೇವ್ ಕಿರಣ ಹೊರಬರದಿರಲೆಂದು ಈ ಏರ್ಪಾಡು. ಇಲ್ಲಿ ಆದದ್ದೂ ಅದೇ: ಮುಖ್ಯ ಸ್ವಿಚ್ಚಿನ ಸಂಪರ್ಕಗಳು ಕರಗಿ ಅಂಟಿಕೊಂಡಿದ್ದವು. ಆ ಸ್ವಿಚ್, ಮಾನಿಟರ್ ಸ್ವಿಚ್, ಫ್ಯೂಸ್ ಮೂರನ್ನೂ ಬದಲಿಸಿದ ಮೇಲೆಯೇ ಓವನ್ ನಿಂತದ್ದು.

ನಿಮ್ಮ ಓವನ್ ಬಾಗಿಲು ತೆಗೆಯುವಾಗಲೋ ಮುಚ್ಚುವಾಗಲೋ ಕೆಟ್ಟಿದ್ದರೆ ಅದನ್ನು ರಿಪೇರಿಯವರಿಗೆ ಮೊದಲೇ ಹೇಳಿ. ಫ್ಯೂಸಿನ ಬದಲು ತಂತಿ ಸುತ್ತಲು, ಹೆಚ್ಚು ಆಂಪಿಯರಿನ ಫ್ಯೂಸ್ ಹಾಕಲು ಯಾರೇ ಹೇಳಿದರೂ ಒಪ್ಪಬೇಡಿ.